ಮಾವನ ಹೋಟೆಲಿನಲ್ಲಿ ಬೆಳಕು ಎಷ್ಟು ಸಲ ಪುಟಿಯಬೇಕು

ನನ್ನ ಮಾವನಿಗೆ, ಅಂದರೆ ಅಮ್ಮನ ಅಣ್ಣನಿಗೆ, ಸೂರತ್‌ನಲ್ಲಿ ಒಂದು ಉಡುಪಿ ಹೋಟೆಲ್ ಇದೆ. ಅದರ ಮೇಲಿನ ಮಹಡಿ ಬಹಳ ಕಾಲ ಈರುಳ್ಳಿ ಮೂಟೆ, ಕಾಲು ಮುರಿದ ಕುರ್ಚಿ ಮತ್ತು ಗಿರಾಕಿಗಳು ಮರೆತುಹೋದ ಕೊಡೆಗಳ ವಾಸಸ್ಥಾನವಾಗಿತ್ತು. ಅದನ್ನು ಖಾಲಿ ಮಾಡಿ ಎ.ಸಿ. ಫ್ಯಾಮಿಲಿ ಹಾಲ್ ಮಾಡಬೇಕು ಎಂಬುದರಲ್ಲಿ ಮಾವನಿಗೂ ಅತ್ತೆಗೂ ಒಮ್ಮತವಿತ್ತು. ಒಮ್ಮತ ಅಲ್ಲಿಗೇ ಮುಗಿಯುತ್ತಿತ್ತು. ಮಾವನಿಗೆ ಎದುರುಬದುರು ಗೋಡೆಗಳಿಗೆ ಕನ್ನಡಿ, ಚಾವಣಿಯ ಅಂಚಿನಲ್ಲಿ ಅಡಗಿದ ದೀಪ, ಒಟ್ಟಿನಲ್ಲಿ ಬಿಲ್ಲು ನೋಡಿದ ಮೇಲೂ ಜನ ಮರ್ಯಾದೆಯಿಂದ ಎದ್ದುಹೋಗುವಂಥ ಒಂದು ಗತ್ತು ಬೇಕಿತ್ತು. ಅತ್ತೆಗೆ ಹಾಲ್‌ಗೂ ಅದರ ಪಕ್ಕದಲ್ಲಿ ಹೊಸದಾಗಿ ಬರಲಿದ್ದ ದೋಸೆ ಅಡುಗೆಮನೆಗೂ ನಡುವೆ ಇಡೀ ಗೋಡೆಯಷ್ಟು ಗಾಜು ಬೇಕಿತ್ತು. ದೋಸೆ ಹೊಯ್ಯುವುದು ಜನಕ್ಕೆ ಕಾಣಬೇಕು ಎನ್ನುವುದು ಅವರ ವಾದ. ಬನಿಯನ್ ಹಾಕಿಕೊಂಡ ಭಟ್ಟರನ್ನು ತೋರಿಸಿ ಯಾರ ಹಸಿವು ಹೆಚ್ಚಿಸುತ್ತೀ ಎನ್ನುವುದು ಮಾವನ ವಾದ.

ಇಬ್ಬರೂ ನ್ಯಾಯಕ್ಕಾಗಿ ನನ್ನ ಹತ್ತಿರ ಬಂದರು. ನಾನು ವಡೋದರಾದಲ್ಲಿ, ಗೋರ್ವಾದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು, ಇನ್ನೂ ಕಟ್ಟದ ಕೋಣೆಗಳ ಚಿತ್ರ ಮಾಡುವವಳು. ಒಳಾಂಗಣ ವಿನ್ಯಾಸಕಾರರು ನಕ್ಷೆ ಕಳಿಸುತ್ತಾರೆ. ನಾನು ಅದನ್ನು ಬ್ಲೆಂಡರ್ ಎಂಬ ಸಾಫ್ಟ್‌ವೇರ್‌ನಲ್ಲಿ ಮೂರು ಆಯಾಮಗಳಲ್ಲಿ ಕಟ್ಟಿ, ಸೋಫಾ ಇಟ್ಟು, ದೀಪ ಹಚ್ಚಿ, ಫೋಟೊದಂತೆ ಕಾಣುವ ಚಿತ್ರ ತೆಗೆದು ಕೊಡುತ್ತೇನೆ. ಬ್ಲೆಂಡರ್ ಅಂದಾಗ ಮಾವ ಅದನ್ನು ಮಿಕ್ಸಿ ಅಂದುಕೊಂಡು ಯಾವ ಕಂಪನಿಯದು ಎಂದು ಕೇಳಿದ್ದರು. ಅದರೊಳಗೆ ಬೆಳಕಿನ ಲೆಕ್ಕ ಹಾಕುವ ಭಾಗದ ಹೆಸರು ಸೈಕಲ್ಸ್ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಹಾಲ್‌ನ ಅಳತೆ ಬಂತು. ಕಿಟಕಿ ಇದ್ದದ್ದು ರಸ್ತೆಯ ಕಡೆಯ ಒಂದು ಗೋಡೆಗೆ ಮಾತ್ರ. ಉಳಿದಂತೆ ಅದೊಂದು ಉದ್ದನೆಯ ಡಬ್ಬಿ. ಅದರೊಳಗೆ ಎದುರುಬದುರು ಕನ್ನಡಿ, ಗಾಜಿನ ಗೋಡೆ, ಗೋಡೆಯ ಆಚೆ ಸ್ಟೀಲ್ ಅಡುಗೆಮನೆ, ಶರಬತ್ತಿನ ಲೋಟಗಳ ಸಾಲು, ಅಡಗಿಸಿದ ದೀಪ. ಸೈಕಲ್ಸ್‌ಗೆ ಹಿಂಸೆ ಕೊಡಲೆಂದೇ ಯಾರಾದರೂ ಕೋಣೆ ಕಟ್ಟಿದರೆ ಅದು ಹೀಗೇ ಇರುತ್ತಿತ್ತು.

ಏಕೆಂದರೆ ಸೈಕಲ್ಸ್ ಕೆಲಸ ಮಾಡುವುದು ಹೀಗೆ. ಚಿತ್ರದ ಒಂದೊಂದು ಚುಕ್ಕೆಯಿಂದಲೂ ಅದು ಕೋಣೆಯೊಳಗೆ ಕಿರಣಗಳನ್ನು ಎಸೆಯುತ್ತದೆ. ಕಿರಣ ಗೋಡೆಗೆ ಬಡಿದು, ಮೇಜಿಗೆ ಬಡಿದು, ಎಲ್ಲಿಗೋ ಪುಟಿದು, ಬೆಳಕು ಎಲ್ಲಿಂದ ಬರುತ್ತಿದೆ ಎಂದು ಹುಡುಕುತ್ತದೆ. ಹೀಗೆ ಒಂದು ಸಲ ಎಸೆದರೆ ಒಂದು ಸ್ಯಾಂಪಲ್. ತೆರೆದ ಬಯಲಿನಲ್ಲಾದರೆ ಆಕಾಶ ಎಲ್ಲ ಕಡೆಯೂ ಇರುತ್ತದೆ, ಕಿರಣ ಎತ್ತ ಹೋದರೂ ಬೆಳಕು ಸಿಗುತ್ತದೆ. ಒಂದೇ ಕಡೆ ಕಿಟಕಿ ಇರುವ ಡಬ್ಬಿಯಲ್ಲಿ ಹೆಚ್ಚಿನ ಕಿರಣಗಳು ಬಾಗಿಲು ಕಾಣದ ನೆಂಟರಂತೆ ಸುತ್ತಾಡಿ ಬರಿಗೈಯಲ್ಲಿ ವಾಪಸಾಗುತ್ತವೆ. ಸಿಕ್ಕ ಚುಕ್ಕೆ ಬೆಳ್ಳಗೆ, ಸಿಗದ ಚುಕ್ಕೆ ಕಪ್ಪಗೆ. ಇಡೀ ಚಿತ್ರದ ಮೇಲೆ ಮರಳು ಉದುರಿಸಿದಂತೆ ಕಾಣುತ್ತದೆ. ಮರಳು ಅರ್ಧಕ್ಕಿಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಹೆಚ್ಚಿಸಬೇಕು. ಈ ಲೆಕ್ಕ ಎಷ್ಟು ದುಷ್ಟವಾದದ್ದೆಂದು ಅನುಭವಿಸಿದವರಿಗೇ ಗೊತ್ತು.

ನಾನು ಆಗ ಇದಕ್ಕೆ ಕಂಡುಕೊಂಡಿದ್ದ ಪರಿಹಾರ ಶ್ರೀಮಂತರ ಮದುವೆಯಂತಿತ್ತು: ಎಲ್ಲವನ್ನೂ ಹೆಚ್ಚೆಚ್ಚು ಬಡಿಸುವುದು. ಸ್ಯಾಂಪಲ್ ನಾಲ್ಕು ಸಾವಿರದ ತೊಂಬತ್ತಾರು. ಬೆಳಕು ಎಷ್ಟು ಸಲ ಪುಟಿಯಬಹುದು ಎಂಬ ಮಿತಿ, ಅಂದರೆ ಬೌನ್ಸ್, ಮೂವತ್ತೆರಡು. ಬೆಳಿಗ್ಗೆ ತಿಂಡಿಯಾದ ಮೇಲೆ ರೆಂಡರ್, ಅಂದರೆ ಚಿತ್ರ ತೆಗೆಯುವ ಈ ಲೆಕ್ಕ, ಹಚ್ಚಿದರೆ ಸಂಜೆಯ ಚಹಾದ ಹೊತ್ತಿಗೆ ಒಂದು ಚಿತ್ರ. ಅಷ್ಟು ಹೊತ್ತೂ ಕಂಪ್ಯೂಟರಿನ ಬೆನ್ನಿನಿಂದ ಬಿಸಿಗಾಳಿ ಬೀಸುತ್ತಿತ್ತು. ಅದು ಚಳಿಗಾಲ. ಅಮ್ಮ ಇಡ್ಲಿ ಹಿಟ್ಟಿನ ಪಾತ್ರೆಯನ್ನು ತಂದು ಆ ಗಾಳಿಗೆ ಒಡ್ಡಿ ಇಡುತ್ತಿದ್ದರು. ವಡೋದರಾದ ಚಳಿಯಲ್ಲಿ ಹಿಟ್ಟು ಹುದುಗುವುದಿಲ್ಲ ಎಂದು ವರ್ಷಗಟ್ಟಲೆ ಕೊರಗಿದ್ದವರಿಗೆ ಕೊನೆಗೂ ನನ್ನ ವೃತ್ತಿಯಲ್ಲಿ ಒಂದು ಉಪಯೋಗ ಕಂಡಿತ್ತು. ನಾನು ಕೆಲಸ ಮುಗಿಸಿದರೆ, ಇನ್ನೂ ಸ್ವಲ್ಪ ಹೊತ್ತು ಓಡಿಸು, ಹಿಟ್ಟು ಅರ್ಧಕ್ಕೆ ಬಂದಿದೆ ಅಷ್ಟೆ ಎನ್ನುತ್ತಿದ್ದರು.

ಹೀಗೆ ಒಂದು ಇಡೀ ದಿನ ಬೇಯಿಸಿದ ಮೊದಲ ಚಿತ್ರವನ್ನು ಮಾವನಿಗೆ ಕಳಿಸಿದೆ. ಫೋನ್ ಬಂತು.

"ಚಂದ ಉಂಟು ಮಾರಾಯ್ತಿ. ಆದ್ರೆ ಮೂಲೆಗೆಲ್ಲ ರವೆ ಚೆಲ್ಲಿದ ಹಾಗೆ ಉಂಟಲ್ಲ, ಅದೆಂತ?"

ಅದು ರವೆಯಲ್ಲ, ನಾಯ್ಸ್ ಎಂದೆ. ಸದ್ದು ಕೇಳುವುದಿಲ್ಲವಲ್ಲ ಎಂದರು. ಆಮೇಲೆ ಕುರ್ಚಿಯ ಬಣ್ಣ ಬದಲಾಯಿಸಿ ನಾಳೆಯೊಳಗೆ ಇನ್ನು ಆರು ಕಡೆಯಿಂದ ಚಿತ್ರ ಕಳಿಸು, ಬಡಗಿ ಕೇಳುತ್ತಿದ್ದಾನೆ ಎಂದರು. ಆರು ಕಡೆಯಿಂದ ಅಂದರೆ ನನ್ನ ಲೆಕ್ಕದಲ್ಲಿ ಒಂದು ವಾರ ಮತ್ತು ಒಂದು ಮೂಟೆ ಇಡ್ಲಿ ಹಿಟ್ಟು.

ಮಾರನೆಯ ದಿನ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಅಹಮದಾಬಾದ್‌ಗೆ ರೈಲು ಹತ್ತಿದೆ. ಅಲ್ಲಿ ನನ್ನ ಕಾಲೇಜಿನ ಗೆಳತಿ ಒಬ್ಬಳಿದ್ದಾಳೆ. ಗುಜರಾತಿ, ಬಾಯಿ ಜೋರು, ಬಿಲ್ಡರ್‌ಗಳಿಗೆ ಫ್ಲ್ಯಾಟ್‌ಗಳ ಚಿತ್ರ ಮಾಡಿಕೊಡುವ ಒಂದು ಸ್ಟುಡಿಯೋದಲ್ಲಿ ಕೆಲಸ. ಒಂದು ದಿನಕ್ಕೆ ಅವಳು ಮಾಡುವಷ್ಟು ಹಾಲ್ ಕಿಚನ್‌ಗಳನ್ನು ಅಹಮದಾಬಾದಿನ ಗಾರೆಯವರು ಒಂದು ವರ್ಷದಲ್ಲಿ ಕಟ್ಟಲಾರರು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನನ್ನ ಫೈಲ್ ತೆರೆದು ನೋಡಿದಳು. ಸೆಟ್ಟಿಂಗ್ ಕಂಡು ಪಕ್ಕದ ಮೇಜಿನವರನ್ನು ಕರೆದು ತೋರಿಸಿದಳು. ನನ್ನ ಮೂವತ್ತೆರಡು ಬೌನ್ಸನ್ನು ನೋಡಲು ಒಂದು ಸಣ್ಣ ಸಾಲೇ ನಿಂತಿತು.

ಆಮೇಲೆ ಊಟದ ಡಬ್ಬಿಯಿಂದ ಥೇಪ್ಲಾ ಎಂಬ ಮೆಂತ್ಯಸೊಪ್ಪಿನ ರೊಟ್ಟಿ ಮುರಿದು ತಿನ್ನುತ್ತ ಒಂದೊಂದಾಗಿ ಹೇಳಿಕೊಟ್ಟಳು. ಮೊದಲನೆಯದು, ನಾನು ಆರಿಸಿಬಿಟ್ಟಿದ್ದ ನಾಯ್ಸ್ ಥ್ರೆಶೋಲ್ಡ್ ಎಂಬ ಗುಂಡಿಯನ್ನು ಮತ್ತೆ ಹಚ್ಚಿದಳು. ಅದು ಹಚ್ಚಿದ್ದರೆ ಸೈಕಲ್ಸ್ ನಡುನಡುವೆ ಚಿತ್ರವನ್ನು ತಾನೇ ನೋಡಿಕೊಳ್ಳುತ್ತದೆ. ಕಿಟಕಿಯ ಪಕ್ಕದ ಗೋಡೆ ಶುಭ್ರವಾಯಿತೇ, ಅಲ್ಲಿ ನಿಲ್ಲಿಸಿ ಕತ್ತಲ ಮೂಲೆಗಳಿಗೆ ಮಾತ್ರ ಸ್ಯಾಂಪಲ್ ಎಸೆಯುತ್ತದೆ. ನಾನು ಎಲ್ಲ ಕಡೆಗೂ ಸಮಾನ ಸ್ಯಾಂಪಲ್ ಹಂಚುವ ಸಮಾಜವಾದಿಯಾಗಿದ್ದೆ. ಮಿತಿಯನ್ನು ಐನೂರ ಹನ್ನೆರಡಕ್ಕೆ ಇಳಿಸಿದಳು. ಕಿಟಕಿಯ ಗಾಜನ್ನು ಕಿತ್ತೇ ಹಾಕಿದಳು. ಗಾಜಿನ ಮೂಲಕ ಒಳಬರುವ ಬೆಳಕನ್ನು ಸೈಕಲ್ಸ್ ನೇರವಾಗಿ ಹಿಡಿಯಲಾರದು, ಅದಕ್ಕೇ ಅಷ್ಟು ಮರಳು. ಈ ದೂರದಿಂದ ಗಾಜು ಇದೆಯೋ ಇಲ್ಲವೋ ಯಾರಿಗೆ ಕಾಣುತ್ತದೆ ಎಂದಳು. ಅಡುಗೆಮನೆಯ ಗಾಜನ್ನು ಕೀಳುವಂತಿರಲಿಲ್ಲ, ಅದನ್ನು ಕಣ್ಣಿಗೆ ಗಾಜಾಗಿಯೇ ಉಳಿಸಿ, ಬೆಳಕು ಮಾತ್ರ ನೇರವಾಗಿ ದಾಟುವಂತೆ ಮಾಡಿದಳು. ಖಾಲಿ ಕಿಟಕಿಯ ಬಾಯಿಗೆ ಪೋರ್ಟಲ್ ಎಂಬ ಒಂದು ಚೌಕಟ್ಟು ಇಟ್ಟಳು. ಅದು ತಾನು ಬೆಳಕು ಕೊಡುವುದಿಲ್ಲ, ಆಕಾಶ ಇರುವುದು ಈ ಕಡೆ ಎಂದು ಕಿರಣಗಳಿಗೆ ಕೈ ತೋರಿಸುತ್ತದೆ, ಅಷ್ಟೆ. ಕನ್ನಡಿ, ಲೋಟಗಳು ಗೋಡೆಯ ಮೇಲೆ ಚೆಲ್ಲುವ ಮಿನುಗಿನ ಲೆಕ್ಕವನ್ನು ಪೂರ್ತಿ ಆರಿಸಿದಳು. ಕೊನೆಗೆ ಡಿನಾಯ್ಸರ್ ಹಚ್ಚಿದಳು. ಉಳಿದ ಸ್ವಲ್ಪ ಮರಳನ್ನು ಅದು ರೆಂಡರ್ ಮುಗಿದ ಮೇಲೆ ಒರೆಸಿ ಹಾಕುತ್ತದೆ.

ನಾವು ಅವಳ ಆಫೀಸಿನ ಕೆಳಗೆ ಚಹಾ ಕುಡಿದು ಮೇಲೆ ಬರುವುದರೊಳಗೆ ಚಿತ್ರ ಮುಗಿದಿತ್ತು. ಮರಳಿಲ್ಲ. ನನ್ನ ಒಂದು ದಿನದ ಚಿತ್ರಕ್ಕಿಂತ ಚೊಕ್ಕಟ. ಸಂತೋಷದ ಬದಲು ನನಗೆ ಕಳೆದ ಎರಡು ವರ್ಷಗಳ ಕರೆಂಟ್ ಬಿಲ್ಲುಗಳು ಕಣ್ಣೆದುರು ಬಂದವು.

ಹೊರಡುವಾಗ ಗೆಳತಿ ಒಂದು ಮಾತು ಹೇಳಿದಳು. ಬೌನ್ಸ್‌ಗಳನ್ನು ನಾನು ಮುಟ್ಟಿಲ್ಲ, ನೀನು ಮನೆಗೆ ಹೋಗಿ ಒಂದೊಂದೇ ಇಳಿಸು, ಇಳಿಸಿದಾಗೆಲ್ಲ ಚಿತ್ರ ಪಕ್ಕಪಕ್ಕ ಇಟ್ಟು ನೋಡು, ವ್ಯತ್ಯಾಸ ಕಂಡ ಕೂಡಲೇ ನಿಲ್ಲಿಸು ಎಂದಳು. ನಾನು ತಲೆಯಾಡಿಸಿದೆ. ನನ್ನ ತಲೆ ಆಡಿದ್ದು ನಿಜ, ಆದರೆ ಅದರೊಳಗೆ ಆಗಲೇ ಬೇರೆ ಆಸೆ ಹುಟ್ಟಿಕೊಂಡಿತ್ತು. ಅರ್ಧ ಗಂಟೆಗೆ ಇಳಿಯುತ್ತದೆ ಎಂದಾದರೆ ಐದು ನಿಮಿಷಕ್ಕೆ ಯಾಕೆ ಇಳಿಯಬಾರದು?

ಇಳಿಸಿದೆ. ಸ್ಯಾಂಪಲ್ ಅರವತ್ತನಾಲ್ಕು. ಗೋಡೆ, ನೆಲದಂಥ ಹೊಳಪಿಲ್ಲದ ಮೈಗಳಿಂದ ಬೆಳಕು ಪುಟಿಯುವ ಡಿಫ್ಯೂಸ್ ಬೌನ್ಸ್ ಒಂದೇ ಒಂದು. ಗಾಜನ್ನು ದಾಟುವ ಬೌನ್ಸ್ ಎರಡು. ಡಿನಾಯ್ಸರ್‌ಗೆ ನೆರವಾಗಲೆಂದು ವಸ್ತುಗಳ ಮೂಲ ಬಣ್ಣವನ್ನೂ ಮೈಯ ಓರೆಯನ್ನೂ ಬೇರೆಯಾಗಿ ತೋರಿಸುವ ಆಯ್ಕೆಯೊಂದಿದೆ. ಒಂದಿಷ್ಟು ಸಮಯ ಮತ್ತು ಮೆಮೊರಿ ಉಳಿಯಲಿ ಎಂದು ಅದನ್ನೂ ಆರಿಸಿಬಿಟ್ಟೆ. ಒರೆಸುವವನ ಕಣ್ಣಿಗೆ ಬಟ್ಟೆ ಕಟ್ಟಿ ಒರೆಸು ಎಂದಂತೆ. ಚಿತ್ರ ಐದು ನಿಮಿಷಕ್ಕೂ ಮೊದಲೇ ಬಂತು. ಆರು ಕಡೆಯಿಂದ ಆರು ಚಿತ್ರ. ಫೋನಿನ ಪುಟ್ಟ ಪರದೆಯಲ್ಲಿ ಎಲ್ಲವೂ ಬೆಣ್ಣೆ ಸವರಿದಂತೆ ನುಣ್ಣಗೆ ಕಂಡವು. ಕಳಿಸಿದೆ.

ಆ ವಾರ ಅಮ್ಮನ ಇಡ್ಲಿ ಕಲ್ಲಾಯಿತು. ಮಷೀನ್ ಬಿಸಿಯಾಗುವ ಮೊದಲೇ ಕೆಲಸ ಮುಗಿಯುತ್ತಿತ್ತು. ಪಾತ್ರೆ ಎತ್ತಿಕೊಂಡು ಹೋಗುತ್ತ ಅಮ್ಮ, ನಿನ್ನ ಕೆಲಸ ಕಡಿಮೆಯಾದದ್ದಕ್ಕೆ ಹಿಟ್ಟೇ ಸಾಕ್ಷಿ, ಬೇರೆ ಏನಾದರೂ ನೋಡಿಕೋ ಎಂದರು.

ಕೆಲಸ ಕಡಿಮೆಯೇನೂ ಆಗಲಿಲ್ಲ. ಚಿತ್ರ ಇಷ್ಟು ಬೇಗ ಬರುತ್ತದೆ ಎಂದು ಮಾವನಿಗೆ ತಿಳಿದದ್ದೇ ತಪ್ಪಾಯಿತು. ಇಡೀ ದಿನ ಕಾಯಬೇಕಾಗಿದ್ದಾಗ ಯೋಚಿಸಿ ಕೇಳುತ್ತಿದ್ದರು. ಈಗ ಕೇಳಿ ಆಮೇಲೆ ಯೋಚಿಸತೊಡಗಿದರು. ಕುರ್ಚಿ ಕೆಂಪು ಮಾಡು. ಕೆಂಪು ಬೇಡ, ಮೊದಲಿನ ಹಸಿರೇ ಇರಲಿ. ಮೊದಲಿನ ಹಸಿರಲ್ಲ, ಅದರ ಮೊದಲಿನದು. ಸಾಂಬಾರ್ ಬಡಿಸುವ ನಡುವೆ ಫೋನ್ ಮಾಡುತ್ತಿದ್ದರು. ಅತ್ತೆ ಬೇರೆಯಾಗಿ ಫೋನ್ ಮಾಡಿ ಮಾವ ಹೇಳಿದ್ದನ್ನು ರದ್ದು ಮಾಡುತ್ತಿದ್ದರು. ಒಮ್ಮೆ ಮಾತ್ರ ಅತ್ತೆ ಒಂದು ಪ್ರಶ್ನೆ ಕೇಳಿದರು: ಗಾಜಿನ ಆಚೆಯ ಕಪಾಟಿನಲ್ಲಿ ಲೋಟಗಳಿಗೆ ಯಾಕೆ ಮಸಿ ಹಿಡಿದಿದೆ? ನೋಡಿ ಹೇಳುತ್ತೇನೆ ಎಂದೆ. ನೋಡಲಿಲ್ಲ. ಅಷ್ಟರಲ್ಲಿ ಮಾವನಿಂದ ಕುರ್ಚಿಗೆ ಇನ್ನೊಂದು ಬಣ್ಣ ಬಂದಿತ್ತು.

ಆಮೇಲೆ ಕೆಲವು ದಿನ ಫೋನ್ ನಿಂತಿತು. ನಾನು ನೆಮ್ಮದಿಯಿಂದ ಬೇರೆಯವರ ಸೋಫಾಗಳ ಕಡೆ ಗಮನ ಕೊಟ್ಟೆ. ಆ ಮೌನದ ಅರ್ಥ ಅವರು ಒಪ್ಪಿಕೊಂಡು ಕೆಲಸ ಶುರುಮಾಡಿದ್ದಾರೆ ಎಂದು ನನಗೆ ಹೊಳೆಯಲಿಲ್ಲ. ಹೊಳೆದದ್ದು ಮಾವ ಒಂದು ಟೈಲ್ಸ್ ಅಂಗಡಿಯಿಂದ ಫೋನ್ ಮಾಡಿದಾಗ.

"ನಿನ್ನ ನೆಲದ ಟೈಲ್ಸ್ ಸೂರತ್‌ನಲ್ಲಿ ಎಲ್ಲಿಯೂ ಇಲ್ಲ. ಪಾಂಡೇಸರಾ ಕಡೆಯ ಗೋಡೌನ್‌ವರೆಗೂ ಹೋಗಿ ಬಂದೆ. ನೀನೇ ಒಮ್ಮೆ ಬಂದು ಹೋಗು."

ನೆಲಕ್ಕೆ ನಾನು ಹಾಕಿದ್ದು ಮಾಮೂಲಿ ಮೊಸಾಯಿಕ್. ಬಿಳಿ ಸಿಮೆಂಟಿನಲ್ಲಿ ಸಣ್ಣ ಸಣ್ಣ ಕಂದು, ಬೂದು ಕಲ್ಲಿನ ಚೂರು. ಅದು ಸಿಗದಿರುವುದು ಸಾಧ್ಯವೇ ಇರಲಿಲ್ಲ. ಅದನ್ನು ಹೇಳಿದೆ. ಮೊಸಾಯಿಕ್ ಯಾರಿಗೆ ಬೇಕು, ನಿನ್ನ ಚಿತ್ರದಲ್ಲಿ ಇರುವುದು ಬೇಕು ಎಂದರು. ಜೊತೆಗೆ, ಹಾಲ್ ಕತ್ತಲೆ ಬರುತ್ತದೆಂದು ಚಿತ್ರದಲ್ಲೇ ಗೊತ್ತಾಯಿತು, ಅದಕ್ಕೆ ಎಲೆಕ್ಟ್ರಿಷಿಯನ್‌ಗೆ ದುಪ್ಪಟ್ಟು ದೀಪ ಹಾಕಲು ಹೇಳಿದ್ದೇನೆ, ಅಡುಗೆಮನೆಯ ಗಾಜು ಕೂಡ ಬೇಡ, ಆ ಕಡೆ ನೋಡಿದರೆ ಗುಹೆಯ ಹಾಗೆ ಕಾಣುತ್ತದೆ ಎಂದೂ ಸೇರಿಸಿದರು. ಹಿಂದಿನಿಂದ ಅತ್ತೆ ಏನೋ ಹೇಳುವುದು ಕೇಳಿಸಿತು. ಅದು ಸಂತೋಷದ ಧ್ವನಿಯಾಗಿರಲಿಲ್ಲ.

ಫೋನ್ ಇಟ್ಟು ನಾನು ಕಳಿಸಿದ್ದ ಚಿತ್ರವನ್ನು ಮೊದಲ ಬಾರಿಗೆ ದೊಡ್ಡ ಪರದೆಯಲ್ಲಿ ತೆರೆದೆ. ನೆಲದಲ್ಲಿ ಕಲ್ಲಿನ ಚೂರು ಒಂದೂ ಇರಲಿಲ್ಲ. ಅಷ್ಟು ಕಡಿಮೆ ಸ್ಯಾಂಪಲ್‌ನಲ್ಲಿ ಡಿನಾಯ್ಸರ್‌ಗೆ ಯಾವುದು ಮರಳು, ಯಾವುದು ಮೊಸಾಯಿಕ್ಕಿನ ಕಲ್ಲು ಎಂದು ತಿಳಿಯುವ ದಾರಿಯೇ ಇರಲಿಲ್ಲ. ಎರಡನ್ನೂ ಸೇರಿಸಿ ಒರೆಸಿತ್ತು. ಉಳಿದದ್ದು ಹಾಲಿಗೆ ಕಾಫಿ ಸುರಿದು ಕಲಕುವ ಮೊದಲು ಕಾಣುವಂಥ ಮೋಡಮೋಡ ಬಣ್ಣ. ನಿಜ ಹೇಳಬೇಕೆಂದರೆ ಚಂದವಾಗಿತ್ತು. ಮಾವನಿಗೆ ಅದು ಇಷ್ಟವಾದದ್ದರಲ್ಲಿ ಆಶ್ಚರ್ಯವಿಲ್ಲ. ಅಂಥ ಟೈಲ್ಸನ್ನು ಯಾರೂ ತಯಾರಿಸಿಲ್ಲ ಎನ್ನುವುದೊಂದೇ ಕೊರತೆ.

ಮುಂದಿನ ರೈಲಿಗೆ ಸೂರತ್‌ಗೆ ಹೋದೆ.

ಮೊದಲು ಹಾಲ್‌ಗೆ ಹತ್ತಿದೆವು. ಈರುಳ್ಳಿ ಮೂಟೆಗಳು ಹೋಗಿ ಸಿಮೆಂಟಿನ ಖಾಲಿ ಜಾಗವಿತ್ತು. ಎಲೆಕ್ಟ್ರಿಷಿಯನ್ ಚಾವಣಿಯಲ್ಲಿ ದೀಪದ ತೂತುಗಳಿಗೆ ಗುರುತು ಹಾಕಿದ್ದ. ಅಷ್ಟು ತೂತುಗಳಿಗೆ ದೀಪ ಹಾಕಿದ್ದರೆ ಅಲ್ಲಿ ದೋಸೆ ತಿನ್ನುವ ಬದಲು ಕಣ್ಣಿನ ಆಪರೇಷನ್ ಮಾಡಬಹುದಿತ್ತು. ಮಾವ, ಅತ್ತೆ ಇಬ್ಬರನ್ನೂ ಒಂದು ಬೆಂಚಿನ ಮೇಲೆ ಕೂರಿಸಿ ಲ್ಯಾಪ್‌ಟಾಪ್ ತೆರೆದೆ. ಚಿತ್ರ ಚಿಕ್ಕದಾಗಿರಲಿ ಎಂದು ಅಳತೆ ಇಳಿಸಿಕೊಂಡೆ, ಹಾಗಾಗಿ ಒಂದೊಂದೂ ಬೇಗ ಬರುತ್ತಿತ್ತು.

ಮೊದಲು ನಾನು ಕಳಿಸಿದ್ದ ಹಾಗೆಯೇ, ಡಿಫ್ಯೂಸ್ ಬೌನ್ಸ್ ಒಂದು. ಚಾವಣಿಯ ಅಂಚಿನಲ್ಲಿ ಅಡಗಿದ ದೀಪದ ಬೆಳಕು ಮೊದಲು ಚಾವಣಿಗೆ ಬಡಿಯುತ್ತದೆ. ಅಲ್ಲಿಂದ ಒಮ್ಮೆ ಪುಟಿದು ಮೇಜಿಗೆ ಬೀಳುತ್ತದೆ. ಅಷ್ಟಕ್ಕೆ ಲೆಕ್ಕ ಮುಗಿಯಿತು. ಮೇಜಿನ ಕೆಳಗೆ, ಕಂಬದ ಹಿಂದೆ, ಅಡುಗೆಮನೆಯ ದಾರಿಯಲ್ಲಿ ಕತ್ತಲೆ. ಎರಡು ಮಾಡಿದೆ. ಮೂಲೆಗಳು ಕಣ್ಣು ಬಿಟ್ಟವು. ಮೂರು ಮಾಡಿದೆ, ಕಂಬದ ಹಿಂದೆಯೂ ಬೆಳಕು ಹರಿಯಿತು. ನಾಲ್ಕಕ್ಕೆ ಇನ್ನೂ ಸ್ವಲ್ಪ. ಎಂಟು ಮಾಡಿದಾಗ ಮಾವ ಕನ್ನಡಕ ಹಾಕಿ ತೆಗೆದು, ಎಂತ ಬದಲಾಯಿತು ಎಂದು ಕೇಳಿದರು. ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಗೆಳತಿ ಹೇಳಿದ್ದ ನಿಲ್ಲಿಸುವ ಜಾಗ ಅದೇ. ನಾಲ್ಕಕ್ಕೆ ವಾಪಸ್ ಬಂದೆ.

"ಅಂದ್ರೆ ಕತ್ತಲೆ ಇರುದು ಹಾಲ್‌ನಲ್ಲಿ ಅಲ್ಲ, ನಿನ್ನ ಮಿಕ್ಸಿಯಲ್ಲಿ," ಅತ್ತೆ ಹೇಳಿದರು.

ಹೌದೆಂದೆ. ನಿಜವಾದ ಬೆಳಕಿಗೆ ಎಷ್ಟು ಸಲ ಪುಟಿಯಬೇಕು ಎಂದು ಯಾರೂ ಹೇಳುವುದಿಲ್ಲ, ಅದು ಆರಿಹೋಗುವವರೆಗೆ ಪುಟಿಯುತ್ತಲೇ ಇರುತ್ತದೆ, ನಾನು ಮಾತ್ರ ಅವಸರಕ್ಕೆ ಅದರ ಕಾಲು ಕಟ್ಟಿದ್ದೆ ಎಂದು ವಿವರಿಸಿದೆ. ಮಾವ ಎಲೆಕ್ಟ್ರಿಷಿಯನ್ ಗುರುತು ಹಾಕಿದ್ದ ಚಾವಣಿಯನ್ನು ನೋಡಿದರು, ನನ್ನನ್ನು ನೋಡಿದರು. ಬೈಯಲು ಬಾಯಿ ತೆರೆದರು. ಅಷ್ಟರಲ್ಲಿ ಅತ್ತೆ ಲೋಟಗಳ ಮಸಿಯ ವಿಷಯ ಎತ್ತಿದರು.

ಅದನ್ನೂ ಅಲ್ಲಿಯೇ ತೋರಿಸಿದೆ. ಕೆಳಗಿನಿಂದ ಒಂದು ಗಾಜಿನ ಲೋಟ ತರಿಸಿ ಬೆರಳಿಟ್ಟು ಎಣಿಸಿದೆವು. ಹೊರಗಿನ ಮೈ ಒಂದು, ಒಳಗಿನ ಮೈ ಎರಡು, ಆ ಬದಿಯ ಒಳಮೈ ಮೂರು, ಹೊರಮೈ ನಾಲ್ಕು. ಅದಕ್ಕೂ ಮೊದಲು ಗಾಜಿನ ಗೋಡೆಯದ್ದೇ ಎರಡು ಮೈ. ಆಚೆ ಏನಿದೆ ಎಂದು ಕಿರಣಕ್ಕೆ ಕಾಣಬೇಕಾದರೆ ಆರು ಮೈ ದಾಟಬೇಕು. ನಾನು ಎರಡಕ್ಕೇ ನಿಲ್ಲಿಸಿದ್ದೆ. ಗೋಡೆಯ ಗಾಜು ದಾಟುವಷ್ಟರಲ್ಲೇ ಅದರ ಪಾಲು ಮುಗಿದುಹೋಗುತ್ತಿತ್ತು, ಹಾಗಾಗಿ ಲೋಟಗಳೆಲ್ಲ ಇದ್ದಿಲು. ಗಾಜಿನ ಬೌನ್ಸನ್ನು ಎಂಟಕ್ಕೇರಿಸಿ, ಒಟ್ಟು ಮಿತಿಯನ್ನೂ ಅದಕ್ಕೆ ಸರಿಯಾಗಿ ಏರಿಸಿದೆ. ಒಟ್ಟು ಮಿತಿ ಕಡಿಮೆಯಿದ್ದರೆ ಉಳಿದದ್ದು ಎಷ್ಟಿದ್ದರೂ ಲೆಕ್ಕಕ್ಕೆ ಬರುವುದಿಲ್ಲ. ಎದುರುಬದುರು ಕನ್ನಡಿಗಳ ವಿಷಯದಲ್ಲಿ ಮಾತ್ರ ಜಿಪುಣಳಾಗಿಯೇ ಉಳಿದೆ. ಹೊಳಪಿನ ಬೌನ್ಸ್ ನಾಲ್ಕು ಕೊಟ್ಟೆ. ಕನ್ನಡಿಯೊಳಗಿನ ಕನ್ನಡಿಯೊಳಗಿನ ಕನ್ನಡಿಯಲ್ಲಿ ಐದನೆಯ ಮಾವ ಕಾಣದಿದ್ದರೆ ಯಾರಿಗೂ ನಷ್ಟವಿಲ್ಲ.

ಹೊಸ ಚಿತ್ರ ನಿಧಾನವಾಗಿ ತುಂಬಿಕೊಂಡಿತು. ಗಾಜಿನಾಚೆ ಅಡುಗೆಮನೆ ಬೆಳಗಿತು, ಸ್ಟೀಲ್ ಕಪಾಟು ಕಂಡಿತು, ಲೋಟಗಳ ಮಸಿ ಹೋಯಿತು. ಅಡುಗೆಮನೆಯ ಬೆಳಕು ಗಾಜನ್ನು ದಾಟಿ ಹಾಲ್‌ನ ಹಿಂದಿನ ಅರ್ಧಕ್ಕೆ ಹರಡಿತ್ತು. ದೀಪ ದುಪ್ಪಟ್ಟು ಮಾಡುವುದಿರಲಿ, ಇದ್ದವುಗಳಲ್ಲೇ ಕೆಲವು ಹೆಚ್ಚಾಗಿ ಕಂಡವು. ಮಾವ ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಗ್ಗಿದರು. ಅವರಿಗೆ ಗುಹೆ ಎನಿಸಿದ್ದ ಜಾಗವೇ ಈಗ ಇಡೀ ಹಾಲ್‌ನ ಅಂದವಾದ ಭಾಗವಾಗಿತ್ತು, ಮತ್ತು ಅದು ಅತ್ತೆಯ ಐಡಿಯಾ ಆಗಿತ್ತು. ಈ ಎರಡನ್ನೂ ಒಟ್ಟಿಗೆ ನುಂಗುವುದು ಸುಲಭವಲ್ಲ.

"ಭಟ್ಟರಿಗೆ ಅಂಗಿ ಹೊಲಿಸ್ಬೇಕು," ಎಂದರು ಕೊನೆಗೆ.

ಅತ್ತೆ ಎದ್ದು ಕೆಳಗೆ ಹೋಗಿ ನನಗೆ ತುಪ್ಪದ ಮಸಾಲೆ ದೋಸೆ ಕಳಿಸಿದರು. ತಪ್ಪು ಮಾಡಿದ್ದಕ್ಕೆ ಅಷ್ಟು ಗರಿಗರಿಯಾದ ಸನ್ಮಾನ ನನಗೆ ಮೊದಲೂ ಸಿಕ್ಕಿಲ್ಲ, ಆಮೇಲೂ ಇಲ್ಲ.

ಇನ್ನು ಉಳಿದದ್ದು ನೆಲ. ದೋಸೆ ಮುಗಿಸಿ ಮಾವನ ಸ್ಕೂಟರಿನ ಹಿಂದೆ ಕುಳಿತು ಟೈಲ್ಸ್ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಅವರಿಗೆ ಡಿನಾಯ್ಸರ್ ವಿವರಿಸಿದೆ. ಸೂರತ್‌ನ ಟ್ರಾಫಿಕ್‌ನಲ್ಲಿ ಅವರಿಗೆ ಕೇಳಿಸಿದ್ದು ಒರೆಸುವುದು, ಮೊಸಾಯಿಕ್ ಎಂಬ ಎರಡು ಶಬ್ದ ಮಾತ್ರ ಎಂದು ಆಮೇಲೆ ತಿಳಿಯಿತು. ನೆಲ ಒರೆಸಲು ಯಾವುದು ಸುಲಭ ಎಂದು ಹೇಳುತ್ತಿದ್ದೇನೆ ಅಂದುಕೊಂಡಿದ್ದರು.

ಅಂಗಡಿಯವರು ದಪ್ಪ ಮೀಸೆಯ, ತಾಳ್ಮೆಯ ಮನುಷ್ಯ. ಮಾವನ ಫೋನಿನಲ್ಲಿದ್ದ ಚಿತ್ರ ಅವರಿಗೆ ಆಗಲೇ ಪರಿಚಯವಾಗಿತ್ತು. ನಾನು ಚಿತ್ರ ಮಾಡಿದವಳು ಎಂದು ತಿಳಿದ ಕೂಡಲೇ ಕುರ್ಚಿ ಎಳೆದುಕೊಟ್ಟು, ಆರೋಪಿಯನ್ನು ನೋಡುವಂತೆ ನೋಡಿದರು. ಈ ಟೈಲ್ಸ್ ಇಲ್ಲ, ಅದು ಕಂಪ್ಯೂಟರ್ ಕಲ್ಲನ್ನು ಒರೆಸಿ ಹಾಕಿದ ಕಲೆ ಎಂದು ಹಿಂದಿಯಲ್ಲಿ ಹೇಳಿದೆ. ಅವರು ಫೋನನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು.

"ಬೇನ್, ಟೈಲ್ ನಹೀಂ, ಫೋಟೊ ಖರಾಬ್ ಹೈ. ಮೈಂ ತೋ ಪೆಹಲೇ ದಿನ್ ಸೇ ಬೋಲ್ ರಹಾ ಹೂಂ."

ಕೆಟ್ಟಿರುವುದು ಫೋಟೊ, ಮೊದಲ ದಿನದಿಂದಲೂ ಹೇಳುತ್ತಿದ್ದೇನೆ ಎಂದದ್ದು ಮಾವನ ಕಡೆ ನೋಡಿ. ಮಾವ ಕೇಳದವರಂತೆ ಬಾತ್‌ರೂಮಿನ ಟೈಲ್ಸ್ ನೋಡುತ್ತಿದ್ದರು. ಹಾಗಾದರೆ ಮೊಸಾಯಿಕ್ ತೋರಿಸಿ ಎಂದೆ. ತೋರಿಸಿದರು. ಮಾವ ಅದನ್ನು ಬೇಡದ ಸಂಬಂಧದ ಫೋಟೊದಂತೆ ಒಮ್ಮೆ ನೋಡಿ ಪಕ್ಕಕ್ಕಿಟ್ಟರು. ನನಗೆ ಆ ಕಾಫಿ ಮೋಡವೇ ಬೇಕು, ಇಲ್ಲದಿದ್ದರೆ ಸಿಮೆಂಟ್ ನೆಲವೇ ಇರಲಿ ಎಂದರು.

ಮೀಸೆಯವರು ಏನೋ ನೆನಪಿಸಿಕೊಂಡು ಹಿಂದಿನ ಗೋಡೌನಿಗೆ ಹೋದರು. ಬಹಳ ಹೊತ್ತಿನ ಮೇಲೆ ಧೂಳು ಒರೆಸುತ್ತ ಒಂದು ಟೈಲ್ ಹಿಡಿದು ಬಂದರು. ಟೈಲ್ಸಿಗೆ ಹೆಸರಾದ ಊರು ಮೋರ್ಬಿಯ ಒಂದು ಕಾರ್ಖಾನೆಯಲ್ಲಿ ಮೊಸಾಯಿಕ್ ಮಾದರಿಯನ್ನೇ ಛಾಪಿಸಲು ಹೋಗಿ, ಯಂತ್ರ ಕೆಟ್ಟು ಶಾಯಿ ಕದಡಿ ಹೋದ ಲಾಟು ಅದು. ಗಟ್ಟಿಯಾಗಿತ್ತು, ಅಂಚು ನೇರವಾಗಿತ್ತು, ಚಿತ್ರ ಮಾತ್ರ ಹಾಳು. ಯಾರೂ ಕೊಳ್ಳದೆ ಬಿದ್ದಿತ್ತು. ಮಾವನ ಫೋನಿನ ಪಕ್ಕ ಇಟ್ಟೆವು. ಡಿನಾಯ್ಸರ್ ಮತ್ತು ಮೋರ್ಬಿಯ ಯಂತ್ರ ಒಂದೇ ಗುರುಗಳ ಬಳಿ ಕಲಿತಂತಿತ್ತು.

"ಇದೇ," ಎಂದರು ಮಾವ. "ನೀನು ಸುಮ್ಮನೆ ಇಲ್ಲ ಇಲ್ಲ ಹೇಳಿ ಹೆದರಿಸಿದ್ದು."

ಇಡೀ ಲಾಟನ್ನು ತೆಗೆದುಕೊಂಡರು. ಅಂಗಡಿಯವರು ನನ್ನ ಕಡೆ ತಿರುಗಿ, ಇಂಥ ಕೆಟ್ಟ ಫೋಟೊಗಳನ್ನು ಆಗಾಗ ಮಾಡುತ್ತಿರಿ, ನನ್ನ ಗೋಡೌನ್ ಖಾಲಿಯಾಗುತ್ತದೆ ಎಂದರು.

ವಡೋದರಾಕ್ಕೆ ಒಂದು ಟೈಲ್ ಹೊತ್ತು ತಂದು, ಅದರ ಫೋಟೊ ತೆಗೆದು ಚಿತ್ರದ ನೆಲಕ್ಕೆ ಹಾಸಿ, ಕೊನೆಯ ಚಿತ್ರಗಳನ್ನು ಮಾಡಿದೆ. ಈ ಸಲ ಡಿನಾಯ್ಸರ್‌ನ ಕಣ್ಣಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಮೊದಲೇ ಕದಡಿದ್ದನ್ನು ಅದು ಇನ್ನೂ ಕದಡಿದರೆ ಮಾವ ಇನ್ನೊಂದು ಟೈಲ್ಸ್ ಹುಡುಕಿ ಹೊರಡುತ್ತಿದ್ದರು. ಐನೂರ ಹನ್ನೆರಡು ಸ್ಯಾಂಪಲ್ಲಿನ ಮಿತಿ, ಥ್ರೆಶೋಲ್ಡ್, ಅಳೆದು ಇಟ್ಟ ಬೌನ್ಸ್‌ಗಳು. ಒಂದು ಚಿತ್ರಕ್ಕೆ ಸುಮಾರು ಅರ್ಧ ಗಂಟೆ ಹಿಡಿಯಿತು. ಐದು ನಿಮಿಷದ ಆಸೆ ಬಿಟ್ಟೆ.

ಬಿಡಲು ಒಂದು ಕಾರಣ ಬೇಕೆಂಬಂತೆ, ಹಾಲ್‌ನಲ್ಲಿ ನಡೆದುಹೋದ ಹಾಗೆ ಒಂದು ವಿಡಿಯೋ ಮಾಡು ಎಂದು ಮಾವ ಹೊಸ ರಾಗ ತೆಗೆದರು. ವಿಡಿಯೋ ಅಂದರೆ ಒಂದರ ಹಿಂದೊಂದು ಓಡುವ ಸಾವಿರಾರು ಚಿತ್ರ, ಪ್ರತಿ ಚಿತ್ರಕ್ಕೂ ಅರ್ಧ ಗಂಟೆಯಾದರೆ ಒಂದು ನಿಮಿಷದ ವಿಡಿಯೋಕ್ಕೆ ಮುಂದಿನ ದೀಪಾವಳಿ ಬರುತ್ತದೆ. ಪ್ರಯೋಗಕ್ಕೆಂದು ಕಡಿಮೆ ಸ್ಯಾಂಪಲ್‌ನಲ್ಲಿ ಕೆಲವೇ ಸೆಕೆಂಡು ಮಾಡಿದೆ. ಬಿಡಿ ಚಿತ್ರವಾಗಿ ನೋಡಿದರೆ ಪ್ರತಿಯೊಂದೂ ಶುಭ್ರ. ಆದರೆ ಡಿನಾಯ್ಸರ್ ಒಂದೊಂದು ಚಿತ್ರವನ್ನೂ ಒಂದೊಂದು ಬಗೆಯಲ್ಲಿ ಒರೆಸಿತ್ತು, ಅವನ್ನು ಒಂದರ ಹಿಂದೆ ಒಂದು ಓಡಿಸಿದರೆ ಮೂಲೆಗಳೆಲ್ಲ ಕುಣಿಯತೊಡಗಿದವು. ಮಾವನಿಗೆ ಕಳಿಸಿದೆ. ಗೋಡೆ ಕುದಿಯುತ್ತಿದೆ, ಗ್ಯಾಸ್ ಸಣ್ಣ ಮಾಡು ಎಂದು ಅತ್ತೆ ಉತ್ತರ ಬರೆದರು. ವಿಡಿಯೋದ ಮಾತು ಅಲ್ಲಿಗೆ ನಿಂತಿತು.

ಮಳೆಗಾಲಕ್ಕೆ ಮುಂಚೆ ಹಾಲ್ ತೆರೆಯಿತು. ಅಪ್ಪ ಅಮ್ಮನ ಜೊತೆ ಹೋಗಿದ್ದೆ. ದೀಪಗಳು ನಾನು ಇಟ್ಟ ಜಾಗದಲ್ಲೇ ಇದ್ದವು. ಮೂಲೆಗಳಲ್ಲಿ ಬೆಳಕು ನಾಲ್ಕು ಸಲ ಪುಟಿದಂತೆಯೇ ಇತ್ತು. ಕಾಫಿ ಮೋಡದ ನೆಲದ ಮೇಲೆ ಯಾರೋ ಚಟ್ನಿ ಚೆಲ್ಲಿದ್ದು ಕಾಣುತ್ತಲೇ ಇರಲಿಲ್ಲ. ಮಾವ ಇದನ್ನು ಮೊದಲೇ ಯೋಚಿಸಿ ಆರಿಸಿದ್ದೆಂದು ಎಲ್ಲರಿಗೂ ಹೇಳುತ್ತಿದ್ದರು. ಕನ್ನಡಿಗಳಲ್ಲಿ ಲೆಕ್ಕವಿಲ್ಲದಷ್ಟು ಮಾವಂದಿರು ಓಡಾಡುತ್ತಿದ್ದರು, ನನ್ನ ನಾಲ್ಕರ ಮಿತಿಯನ್ನು ಯಾರೂ ಕೇಳಿದಂತಿರಲಿಲ್ಲ. ಗಾಜಿನ ಆಚೆ ಹೊಸ ಅಂಗಿ, ಟೋಪಿ ಹಾಕಿದ ಭಟ್ಟರು ಮದುಮಗನ ಬಿಗುವಿನಲ್ಲಿ ದೋಸೆ ಹೊಯ್ಯಲು ನಿಂತರು.

ಕಾವಲಿ ಕಾದಿತು. ಮೊದಲ ದೋಸೆ, ಎರಡನೆಯ ದೋಸೆ. ಹಾಲ್‌ನ ಎ.ಸಿ.ಗೆ ಗಾಜು ತಣ್ಣಗಾಗಿತ್ತು. ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರು. ನಾವು ನೋಡುತ್ತಿದ್ದಂತೆಯೇ ಗಾಜಿನ ಆ ಮೈಗೆ ಹಬೆ ಕೂತು, ಕೆಳಗಿನಿಂದ ಮೇಲಕ್ಕೆ ಬೆಳ್ಳಗಾಗುತ್ತ, ಮೊದಲು ಕಾವಲಿ, ಆಮೇಲೆ ಭಟ್ಟರ ಅಂಗಿ, ಕೊನೆಗೆ ಟೋಪಿ ಮಾಯವಾದವು. ಇಡೀ ಗೋಡೆ ಹಾಲಿನ ಬಣ್ಣವಾಯಿತು. ಹಿಂದೆ ಯಾರದ್ದೋ ನೆರಳು ಕೈಯಾಡಿಸುತ್ತಿತ್ತು.

ಮಾವ ನನ್ನ ಮೇಜಿನ ಹತ್ತಿರ ಬಂದು ಬಗ್ಗಿದರು.

"ಇದು ನಿನ್ನ ಚಿತ್ರದಲ್ಲಿ ಇರ್ಲಿಲ್ಲ."

ಇರಲಿಲ್ಲ, ಹಬೆ ಹಾಕಿರಲಿಲ್ಲ ಎಂದೆ. ಹಾಕಿದ್ದರೆ ಮತ್ತೆ ಇಡೀ ದಿನ ರೆಂಡರ್ ಆಗುತ್ತಿತ್ತು ಎಂದೂ ಹೇಳಿದೆ. ಅವರು ಅದನ್ನು ಒಂದು ನೆಪವೆಂದು ಪರಿಗಣಿಸಿ ತಲೆಯಾಡಿಸಿದರು. ಅಷ್ಟರಲ್ಲಿ ಆ ಬಿಳಿಯೊಳಗೆ ಒಂದು ಬಟ್ಟೆ ಓಡಾಡಿ ತಟ್ಟೆಯಗಲದ ಕಿಂಡಿ ಮಾಡಿತು. ಕಿಂಡಿಯಲ್ಲಿ ಅತ್ತೆಯ ಮುಖ ಕಂಡಿತು. ಹಾಲ್‌ನಲ್ಲಿ ಎಷ್ಟು ಮೇಜು ತುಂಬಿವೆ ಎಂದು ಎಣಿಸಿ, ಮಾವನಿಗೆ ಎಕ್ಸಾಸ್ಟ್ ಫ್ಯಾನಿನವನಿಗೆ ಫೋನ್ ಮಾಡಿ ಎಂದು ಸನ್ನೆ ಮಾಡಿ, ಮತ್ತೆ ಹಬೆಯೊಳಗೆ ಹೋದರು.